ನಾಳೆ ರಾತ್ರಿಯ ನಿದ್ದೆ

ನಾನು ಹನ್ನೊಂದು ವರ್ಷ ಕಣ್ಣು ಮುಚ್ಚಿಲ್ಲ. ಒಂದು ಗಳಿಗೆಯೂ ಇಲ್ಲ. ಆ ಹನ್ನೊಂದು ವರ್ಷವೂ ಸೂರ್ಯ ಈ ಊರಿಗೆ ಬರುವ ಮೊದಲು ನನ್ನ ಕಿಟಕಿಯ ಪಕ್ಕ ನಿಂತು, ಬರಲೇ ಎಂದು ಕೇಳುತ್ತಿದ್ದ. ಬಾ ಎಂದರೆ ಬೆಳಗು. ಒಂದು ದಿನ ಹಲ್ಲುಜ್ಜುತ್ತಿದ್ದೆ, ಬಾಯಿ ತುಂಬ ನೊರೆ, ಉತ್ತರ ಕೊಡಲಾಗಲಿಲ್ಲ. ಅವತ್ತು ಊರಿಗೆಲ್ಲ ಹತ್ತು ನಿಮಿಷ ತಡವಾಗಿ ಬೆಳಕಾಯಿತು. ಬೇಕಾದರೆ ಹಾಲಿನವನನ್ನು ಕೇಳಿ.

ಇದನ್ನು ನಂಬದಿದ್ದರೆ ನಿಮ್ಮ ಮೇಲೆ ನನಗೇನೂ ಬೇಸರವಿಲ್ಲ. ನನ್ನ ಕಸುಬೇ ಹಾಗೆ. ನಲವತ್ತಾರು ವರ್ಷದಿಂದ ದೊಡ್ಡ ಕಚೇರಿಯ ಕಾಂಪೌಂಡಿಗೆ ಒರಗಿಸಿದ ಮೇಜಿನ ಮುಂದೆ ಕೂತು ಜನರ ಅರ್ಜಿ ಟೈಪು ಮಾಡುತ್ತಿದ್ದೇನೆ. ತಲೆಯ ಮೇಲೊಂದು ತಗಡು, ಮುಂದೊಂದು ಟೈಪ್‌ರೈಟರು, ಪಕ್ಕದಲ್ಲಿ ಅರ್ಜಿದಾರರಿಗೊಂದು ಬೆಂಚು. ಮನೆ ಸೋರುತ್ತದೆ ಎಂದು ಒಬ್ಬ ಬಂದರೆ, ಮನೆಯೊಳಗೆ ದೋಣಿ ಓಡಾಡುತ್ತಿದೆ ಎಂದು ಬರೆಯಬೇಕು. ಪಕ್ಕದವರ ಮರದ ಕೊಂಬೆ ಬೇಲಿ ದಾಟಿದೆ ಎಂದರೆ, ಅರ್ಜಿದಾರರು ಮೂರು ವರ್ಷದಿಂದ ಆಕಾಶ ನೋಡಿಲ್ಲ ಎಂದು ಬರೆಯಬೇಕು. ಒಳಗೆ ಕೂತ ಗುಮಾಸ್ತ ಓದುವಾಗ ಮುಕ್ಕಾಲು ಪಾಲು ಕಳೆದು ಓದುತ್ತಾನೆ. ಆದ್ದರಿಂದ ನಾವು ನಾಲ್ಕು ಪಾಲು ಮಾಡಿ ಬರೆದರೆ ಕೊನೆಗೆ ನಿಜ ಉಳಿಯುತ್ತದೆ. ಇದು ನಮ್ಮ ಸಾಲಿನಲ್ಲಿ ಕೂತವರೆಲ್ಲ ಬಲ್ಲ ಲೆಕ್ಕ. ಆ ಸಾಲಿನಲ್ಲಿ ಈಗ ನಾನೊಬ್ಬನೇ ಉಳಿದಿದ್ದೇನೆ. ನನಗೆ ಎಪ್ಪತ್ತೇಳು. ಬರುವವರು ನನ್ನನ್ನು ಟೈಪ್ ತಾತ ಎನ್ನುತ್ತಾರೆ. ಆ ಮೇಜು ಹೋದರೆ ನಾನು ಬರೀ ತಾತ.

ನನ್ನ ಮಗಳು ಇದಕ್ಕೆ ನೇರ ವಿರುದ್ಧ. ಅವಳಿಗೆ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಕೆಲಸ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ಬಟ್ಟು, ಲೀಟರು ಪಾತ್ರೆಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವವಳು. ಒಂದು ಗ್ರಾಂ ಆಚೆ ಈಚೆ ಆದರೆ ಅವಳ ಹುಬ್ಬು ಏಳುತ್ತದೆ. ನನ್ನ ಹೊಟ್ಟೆಯಲ್ಲಿ ಇಂಥವಳು ಹೇಗೆ ಹುಟ್ಟಿದಳೋ. ಅವಳ ತಾಯಿ ಇದ್ದಾಗ, 'ನೀವು ಆಡಿದ ಮಾತನ್ನೆಲ್ಲ ಯಾರಾದರೂ ಒಬ್ಬರು ತೂಗಬೇಕಲ್ಲ, ಅದಕ್ಕೇ ಹುಟ್ಟಿದಾಳೆ' ಎನ್ನುತ್ತಿದ್ದಳು.

ಇನ್ನು ಮಾತ್ರೆಯ ವಿಷಯ. ನನಗೆ ಹರ್ನಿಯಾ ಆಪರೇಷನ್ ಆಯಿತು. ಹೊಟ್ಟೆಯಿಂದ ಹೊರಬಂದಿದ್ದ ಕುಂಬಳಕಾಯಿಯಷ್ಟು ಗಂಟನ್ನು ಒಳಕ್ಕೆ ತಳ್ಳಿ ಹೊಲಿದರು, ಏಳು ಜನ ಡಾಕ್ಟರು ಹಿಡಿದುಕೊಂಡಿದ್ದರು. ವಾರ್ಡಿನಲ್ಲಿ ಪಕ್ಕದ ಹಾಸಿಗೆಯವನ ಕೆಮ್ಮು, ಆಚೆ ಬದಿಯವನ ನರಳಾಟ, ಟ್ರಾಲಿ ತಳ್ಳುವ ಸದ್ದು. ನಿದ್ದೆ ಬರುವುದಿಲ್ಲ ಎಂದೆ. ರಾತ್ರಿಗೆ ಒಂದು ಸಣ್ಣ ಮಾತ್ರೆ ಕೊಟ್ಟರು. ಮನೆಗೆ ಬರುವಾಗ ಚೀಟಿಯಲ್ಲಿ ಅದೂ ಬಂತು. ನಮ್ಮ ಡಾಕ್ಟರಮ್ಮ ತಿಂಗಳಿಗೊಮ್ಮೆ ನನ್ನ ಬಿಪಿ ನೋಡುವಾಗ 'ನಿದ್ದೆ ಹೇಗಿದೆ ಯಜಮಾನ್ರೇ' ಎಂದು ಕೇಳುತ್ತಿದ್ದರು. ಈಗ ನೀವೇ ಹೇಳಿ, ಅಂಥ ಪ್ರಶ್ನೆಗೆ ಪರವಾಗಿಲ್ಲ ಎಂದು ಉತ್ತರ ಕೊಡುವುದು ನನ್ನಂಥವನಿಗೆ ಶೋಭೆಯೇ? ಒಂದು ತಿಂಗಳು, ರೆಪ್ಪೆಗೆ ರೆಪ್ಪೆ ತಾಗಿದರೆ ಕಿಡಿ ಹಾರುತ್ತದೆ ಎಂದೆ. ಮುಂದಿನ ತಿಂಗಳು, ಗೋಡೆಯ ಹಲ್ಲಿ ನಾನು ಮಲಗಲಿ ಎಂದು ಕಾದು ಸಾಕಾಗಿ ತಾನೇ ಮಲಗಿತು ಎಂದೆ. ಹೊರಗೆ ಇಪ್ಪತ್ತು ಜನ ಕಾಯುತ್ತಿರುತ್ತಿದ್ದರು. ಡಾಕ್ಟರಮ್ಮ ನಕ್ಕು ಬಿಪಿ ಮಾತ್ರೆಯ ಕೆಳಗೆ ಅದನ್ನೂ ಬರೆಯುತ್ತಿದ್ದರು.

ಬೆಳಗ್ಗೆ ಎದ್ದಾಗ ತಲೆಯೊಳಗೆ ಹತ್ತಿ ತುಂಬಿದ ಹಾಗೆ ಇರುತ್ತಿತ್ತು. ಇಷ್ಟು ದೊಡ್ಡ ಮೆದುಳಿಗೆ ಅಷ್ಟಾದರೂ ಹತ್ತಿ ಬೇಡವೇ ಎಂದುಕೊಂಡೆ. ಒಂದು ಬೆಳಗ್ಗೆ ಹೊಸಿಲು ದಾಟುವಾಗ ಭೂಮಿ ನಡುಗಿತು. ಮಗಳು ಅಲ್ಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಓಡಿ ಬಂದು ಹಿಡಿದಳು.

'ಭೂಕಂಪ' ಎಂದೆ.

'ಕ್ಯಾಲೆಂಡರ್ ಕೂಡ ಅಲ್ಲಾಡಲಿಲ್ಲ ಅಪ್ಪ.'

'ಸಣ್ಣದು. ನನ್ನ ಕಾಲ ಕೆಳಗಷ್ಟೇ ಬಂತು.'

ಅವಳು ನಗಲಿಲ್ಲ. ನನ್ನ ಮೊಣಕೈ ಹಿಡಿದು ಕುರ್ಚಿಗೆ ಕೂರಿಸಿದಳು, ಡ್ಯೂಟಿಗೆ ತಡವಾದರೂ ಅರ್ಧ ಗಂಟೆ ಎದುರಿಗೇ ಕೂತಿದ್ದಳು.

ಅದೇ ವಾರ ಇನ್ನೊಂದಾಯಿತು. ಗಂಡನನ್ನು ಕಳೆದುಕೊಂಡ ಹೊಲಿಗೆಯಾಕೆಯೊಬ್ಬಳು ಮನೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಬರೆಸಿದ್ದಳು. ಆ ಅರ್ಜಿ ವಾಪಸ್ಸು ಬಂತು. ಅದನ್ನು ಹಿಡಿದು ಆಕೆ ನೇರ ನಮ್ಮ ಮನೆಗೇ ಬಂದಳು. ಬಾಗಿಲು ತೆಗೆದದ್ದು ಮಗಳು.

'ತಾತ ಚೆನ್ನಾಗೇ ಬರೆದಿದ್ದಾರೆ' ಎಂದಳು ಆಕೆ, ಪಾಪ, ಬಯ್ಯಲೂ ಮನಸ್ಸಿಲ್ಲದೆ. 'ಆದ್ರೆ ಸತ್ತೋಳು ನಾನು ಅಂತ ಬರೆದುಬಿಟ್ಟಿದ್ದಾರೆ. ನಮ್ಮ ಯಜಮಾನ್ರು ಅರ್ಜಿ ಹಾಕಿದ್ದಾರಂತೆ. ಕೌಂಟರಿನವರು ಅವರನ್ನೇ ಕರ್ಕೊಂಡು ಬನ್ನಿ ಅಂದ್ರು.'

ನಲವತ್ತಾರು ವರ್ಷದಲ್ಲಿ ನಾನು ಎಷ್ಟೋ ಜನರ ಕಷ್ಟವನ್ನು ಹಿಗ್ಗಿಸಿದ್ದೇನೆ. ಬದುಕಿರುವವರನ್ನು ಕೊಂದಿರಲಿಲ್ಲ. ಮಗಳು ಹಾಳೆಯನ್ನು ಬೆಳಕಿಗೆ ಹಿಡಿದು ಓದಿದಳು. ಮೂರನೆಯ ಸಾಲಿನಲ್ಲಿ ಒಂದೇ ಅಕ್ಷರ ಹದಿನಾಲ್ಕು ಸಲ ಬಿದ್ದಿತ್ತು. 'ಬೆಳಗ್ಗೆ ಎಷ್ಟು ಗಂಟೆಗೆ ಟೈಪ್ ಮಾಡಿದ್ದು ಇದನ್ನ?' ಎಂದಳು. ಒಂಬತ್ತೂವರೆಗೆ ಎಂದೆ. ತೂಕಡಿಸುತ್ತಾ ಅದೊಂದೇ ಕೀಲಿಯನ್ನು ಒತ್ತುತ್ತಿದ್ದೆ ಎಂದು ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಮರುದಿನ ಸಂಜೆ ಅವಳು ಊಟದ ಮೇಜಿನ ಮೇಲೆ ಒಂದು ಹಾಳೆ ಇಟ್ಟಳು.

'ಡಾಕ್ಟರಿಗೆ ಕಾಗದ ಬರೆದಿದ್ದೀನಿ. ನಿಮ್ಮ ಬೆನ್ನ ಹಿಂದೆ ಕೊಡೋಕೆ ಇಷ್ಟ ಇಲ್ಲ. ಓದಿ. ಒಪ್ಪಿಗೆ ಆದ್ರೆ ಕೆಳಗೆ ಸಹಿ ಹಾಕಿ.'

ಕನ್ನಡಕ ಒರೆಸಿಕೊಂಡು ಓದಿದೆ. ಇದು ಆ ಕಾಗದ, ಒಂದಕ್ಷರವೂ ನನ್ನದಲ್ಲ:

'ಡಾಕ್ಟರರಿಗೆ ನಮಸ್ಕಾರ. ನಿಮ್ಮಲ್ಲಿ ತಿಂಗಳಿಗೊಮ್ಮೆ ಬಿಪಿ ತೋರಿಸಿಕೊಳ್ಳುವ, ಎಪ್ಪತ್ತೇಳು ವರ್ಷದ ಟೈಪಿಸ್ಟರ ಮಗಳು ನಾನು. ಅಪ್ಪ ರಾತ್ರಿ ತೆಗೆದುಕೊಳ್ಳುವ ನಿದ್ದೆ ಮಾತ್ರೆಯನ್ನು ತಾವು ಇನ್ನೊಮ್ಮೆ ಪರಿಶೀಲಿಸಬೇಕೆಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಈ ಮಾತ್ರೆ ಶುರುವಾದದ್ದು ಹನ್ನೊಂದು ತಿಂಗಳ ಹಿಂದೆ, ಆಪರೇಷನ್ ಆದಾಗ. ಆಸ್ಪತ್ರೆಯ ಚೀಟಿಯಲ್ಲಿ ಹತ್ತು ದಿನಕ್ಕೆ ಎಂದಿದೆ. ಅದರ ನಕಲು ಜೊತೆಗಿಟ್ಟಿದ್ದೇನೆ. ಈಗಲೂ ಪ್ರತಿದಿನ ಒಂದು ತೆಗೆದುಕೊಳ್ಳುತ್ತಾರೆ. ಎರಡು ತಿಂಗಳಿಂದ ನಾನು ಗಮನಿಸಿರುವುದು ಇಷ್ಟು: ಬೆಳಗ್ಗೆ ಹತ್ತು ಗಂಟೆಯವರೆಗೂ ಮಂಕಾಗಿರುತ್ತಾರೆ. ಈ ತಿಂಗಳ ಆರನೇ ತಾರೀಕು ಬೆಳಗ್ಗೆ ಏಳೂಕಾಲಿಗೆ ಹೊಸಿಲ ಬಳಿ ಆಯ ತಪ್ಪಿದರು, ನಾನು ಹಿಡಿದುಕೊಂಡೆ. ಒಂಬತ್ತನೇ ತಾರೀಕು ಕೆಲಸದಲ್ಲಿ ದೊಡ್ಡ ತಪ್ಪಾಯಿತು, ಹಿಂದೆಂದೂ ಹಾಗಾಗಿರಲಿಲ್ಲ. ಹೇಳಿದ ಮಾತನ್ನು ಅದೇ ದಿನ ಎರಡು ಸಲ ಮರೆತಿದ್ದಾರೆ. ಬಿಪಿ ಮಾತ್ರೆ ಬಿಟ್ಟು ಬೇರೆ ಔಷಧಿ ಇಲ್ಲ. ಕುಡಿಯುವ ಅಭ್ಯಾಸ ಇಲ್ಲ.

ಇವೆಲ್ಲ ಮಾತ್ರೆಯಿಂದಲೇ ಎಂದು ನಾನು ಹೇಳುತ್ತಿಲ್ಲ. ಅದು ನನಗೆ ಗೊತ್ತಿಲ್ಲ. ನಾನಾಗಿ ನಿಲ್ಲಿಸಿಯೂ ಇಲ್ಲ, ಒಮ್ಮೆಲೇ ನಿಲ್ಲಿಸಬಾರದು ಎಂದು ಔಷಧಿ ಅಂಗಡಿಯವರು ಹೇಳಿದರು. ಈ ಮಾತ್ರೆ ಅವರಿಗೆ ಇನ್ನೂ ಬೇಕೇ, ಕಡಿಮೆ ಮಾಡಲು ಆಗುತ್ತದೆಯೇ, ಮಾಡಿದರೆ ಹೇಗೆ ಎಂದು ತಿಳಿಸಿ. ಅಪ್ಪ ಅವರ ಮೇಜಿಗೆ ಹೋಗುತ್ತಲೇ ಇರಬೇಕು ಎಂಬುದು ನನ್ನ ಆಸೆ. ಈಗ ಇರುವ ಹಾಗೆ ದೊಡ್ಡ ರಸ್ತೆ ದಾಟಿ ಹೋಗಲು ಬಿಡುವ ಧೈರ್ಯ ನನಗಿಲ್ಲ.'

ನನ್ನ ವೃತ್ತಿಜೀವನದಲ್ಲಿ ಇಷ್ಟು ಒಣಗಿದ ಅರ್ಜಿ ನೋಡಿಲ್ಲ. ಒಂದು ಕಣ್ಣೀರಿಲ್ಲ, ಒಂದು ಸಿಡಿಲಿಲ್ಲ. 'ಇದಕ್ಕೆ ಯಾರಾದ್ರೂ ಉತ್ತರ ಕೊಡ್ತಾರೇನಮ್ಮ? ಕೊಡಿಲ್ಲಿ, ನಾನು ಟೈಪ್ ಮಾಡ್ತೀನಿ. ಬಡಪಾಯಿ ತಂದೆಯನ್ನು ಕಂಡು ಕಲ್ಲೂ ಕರಗುತ್ತಿದೆ ಅಂತ ಒಂದು ಸಾಲಾದ್ರೂ ಸೇರಿಸೋಣ.'

'ಬೇಡ. ನೀವು ಮುಟ್ಟಿದ್ರೆ ಆರನೇ ತಾರೀಕು ನಾನು ಬಿದ್ದು ನೀವು ಹಿಡಿದ ಹಾಗೆ ಆಗುತ್ತೆ.'

'ಆಮೇಲೆ ಈ ದೊಡ್ಡ ರಸ್ತೆ ಯಾಕೆ ಬಂತು ಇದರಲ್ಲಿ? ಅಂದ್ರೆ ಮೇಜು ಬಿಡಿಸ್ತೀಯ?'

ಅವಳು ತಟ್ಟೆ ಎತ್ತುತ್ತಿದ್ದವಳು ನಿಂತಳು. 'ಕಾಲು ಗಟ್ಟಿ ಆಗೋತನಕ ಬಿಡಲ್ಲ ಅಂತೀನಿ. ಆದ ಮೇಲೆ ನೂರು ವರ್ಷ ಹೋಗಿ.'

ನನ್ನ ಲೆಕ್ಕ ಬೇರೆ ಇತ್ತು. ಮಾತ್ರೆ ನಿಲ್ಲಿಸಿದರೆ ನಿದ್ದೆ ಹೋಗುತ್ತದೆ. ನಿದ್ದೆ ಹೋದರೆ ಕೈ ನಡುಗುತ್ತದೆ. ಕೈ ನಡುಗಿದರೆ ಮೇಜು ಹೋಗುತ್ತದೆ. ಅವಳು ಮೇಜು ಉಳಿಸಲು ಮಾತ್ರೆ ಬಿಡಿಸಬೇಕೆನ್ನುತ್ತಾಳೆ, ನಾನು ಮೇಜು ಉಳಿಸಲು ಮಾತ್ರೆ ನುಂಗಬೇಕೆನ್ನುತ್ತೇನೆ. ಆದರೂ ಸಹಿ ಹಾಕಿದೆ, ಎರಡು ಸುತ್ತು ಹೆಚ್ಚಾಗಿ ಬಳಸಿ. ಡಾಕ್ಟರಮ್ಮ ನನ್ನ ಮಾತಿಗೆ ಹನ್ನೊಂದು ತಿಂಗಳು ಸೋತಿದ್ದಾರೆ, ಈ ಒಣ ಹಾಳೆಗೆ ಸೋಲುತ್ತಾರೆಯೇ ಎಂಬ ಧೈರ್ಯ.

ಮೂರು ದಿನಕ್ಕೆ ಫೋನ್ ಬಂತು, ಇಬ್ಬರೂ ಬನ್ನಿ ಎಂದು. ಇಪ್ಪತ್ತು ಜನ ಇರುವ ಹೊತ್ತಲ್ಲ, ಮಧ್ಯಾಹ್ನ ಬಾಗಿಲು ಹಾಕುವ ಮುಂಚಿನ ಖಾಲಿ ಹೊತ್ತಿಗೆ. ಡಾಕ್ಟರಮ್ಮನ ಮೇಜಿನ ಮೇಲೆ ಮಗಳ ಕಾಗದ ಬಿಚ್ಚಿ ಇಟ್ಟಿತ್ತು, ಒಂದೆರಡು ಸಾಲಿನ ಕೆಳಗೆ ಗೆರೆ. ನನ್ನ ಯಾವ ಅರ್ಜಿಗೂ ಯಾರೂ ಗೆರೆ ಎಳೆದು ಓದಿದ್ದು ನಾನು ಕಂಡಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಹೊಟ್ಟೆ ಉರಿಯಿತು.

ಮೊದಲು ನನ್ನನ್ನು ಮಲಗಿಸಿ ಬಿಪಿ ನೋಡಿದರು. ಆಮೇಲೆ ನಿಲ್ಲಿಸಿ ಒಂದು ನಿಮಿಷ ಆದಮೇಲೆ ಒಮ್ಮೆ, ಮೂರು ನಿಮಿಷ ಆದಮೇಲೆ ಇನ್ನೊಮ್ಮೆ ನೋಡಿದರು. ನಿಂತಾಗ ಹೆಚ್ಚೇನೂ ಇಳಿಯಲಿಲ್ಲ. ಕುರ್ಚಿಯಿಂದ ಕೈ ಊರದೆ ಏಳಿ ಎಂದರು. ನಾಲ್ಕು ಹೆಜ್ಜೆ ನಡೆಸಿದರು. ಇದಿಷ್ಟೂ ಆದಮೇಲೆ ಹಳೆಯ ಪ್ರಶ್ನೆ.

'ಈಗ ಹೇಳಿ ಯಜಮಾನ್ರೇ, ನಿದ್ದೆ ಹೇಗಿದೆ?'

'ನಿದ್ದೆನಾ ಡಾಕ್ಟರಮ್ಮ? ಆ ಹೆಸರು ಎಲ್ಲೋ ಕೇಳಿದ ಹಾಗಿದೆ. ರಾತ್ರಿಯೆಲ್ಲ ಎಚ್ಚರ. ಕಣ್ಣು ಹೀಗೆ.' ಎರಡು ಬೆರಳಿಂದ ರೆಪ್ಪೆ ಬಿಡಿಸಿ ತೋರಿಸಿದೆ.

'ದಿನಾ ಮಾತ್ರೆ ತಗೊಂಡೂ?'

'ತಗೊಂಡೂ.'

'ಒಂದು ಗಳಿಗೆನೂ ಇಲ್ಲ?'

'ಇಲ್ಲ.'

'ಹಾಗಾದ್ರೆ ಈ ಮಾತ್ರೆಯಿಂದ ನಿಮಗೆ ಏನೂ ಉಪಯೋಗ ಇಲ್ಲ ಅಂತಾಯ್ತು. ಯಾಕೆ ನುಂಗೋದು?'

ನಲವತ್ತಾರು ವರ್ಷದಲ್ಲಿ ಮೊದಲ ಸಲ ನನ್ನ ಅರ್ಜಿ ನನ್ನ ಕಾಲಿಗೇ ತೊಡರಿತು. ಮಗಳು ಕಿಟಕಿಯ ಕಡೆ ತಿರುಗಿದಳು. ಅವಳ ಹೆಗಲು ಅಲ್ಲಾಡುತ್ತಿತ್ತು.

'ಇಲ್ಲ ಅಂದ್ರೆ, ಪೂರ್ತಿ ಇಲ್ಲ ಅಂತಲ್ಲ' ಎಂದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. 'ನೋಡಿ, ಇದರಲ್ಲಿ ನನ್ನ ತಪ್ಪೂ ಇದೆ. ಹತ್ತು ದಿನದ ಮಾತ್ರೆಯನ್ನ ನೀವು ಹೇಳಿದ್ದು ಕೇಳಿ ನಗುತ್ತಾ ಹನ್ನೊಂದು ತಿಂಗಳು ಬರೆದುಕೊಟ್ಟೆ. ಮೊದಲೇ ಕೂರಿಸಿ ಕೇಳಬೇಕಿತ್ತು. ವಯಸ್ಸಾದ ಮೇಲೆ ಇಂಥ ಮಾತ್ರೆ ಮೈಯಿಂದ ಬೇಗ ಇಳಿಯೋದಿಲ್ಲ. ರಾತ್ರಿ ನುಂಗಿದ್ದು ಬೆಳಗ್ಗೆ ಕಾಲಿನಲ್ಲಿ, ತಲೆಯಲ್ಲಿ ಇನ್ನೂ ಉಳಿದಿರುತ್ತೆ. ಬಿದ್ದು ಸೊಂಟ ಮುರಿದುಕೊಳ್ಳೋರಲ್ಲಿ ಇಂಥವರು ಜಾಸ್ತಿ. ಜೊತೆಗೆ ದಿನಾ ನುಂಗಿದ್ರೆ ಮೈ ಅದಕ್ಕೆ ಒಗ್ಗಿಹೋಗುತ್ತೆ, ಮೊದಲಿನ ಹಾಗೆ ನಿದ್ದೆನೂ ಕೊಡಲ್ಲ.'

'ಹಾಗಾದ್ರೆ ಇವತ್ತಿಂದಲೇ ನಿಲ್ಲಿಸೋದಾ?' ಎಂದಳು ಮಗಳು.

'ಬೇಡ ಬೇಡ. ಒಗ್ಗಿದ ಮೈಗೆ ಒಮ್ಮೆಲೇ ನಿಲ್ಲಿಸಿದ್ರೆ ನಿದ್ದೆ ಇನ್ನೂ ಕೆಡುತ್ತೆ, ಗಾಬರಿ, ನಡುಕ ಎಲ್ಲ ಬರಬಹುದು. ನಿಧಾನಕ್ಕೆ ಇಳಿಸೋಣ. ಅದಕ್ಕೆ ಮುಂಚೆ ನನಗೊಂದು ಬರಹ ಬೇಕು.' ನನ್ನ ಕಡೆ ತಿರುಗಿದರು. 'ಎರಡು ವಾರ. ಎಷ್ಟು ಗಂಟೆಗೆ ಮಲಗಿದ್ದು, ಸುಮಾರು ಎಷ್ಟೊತ್ತಿಗೆ ನಿದ್ದೆ ಬಂದಿದ್ದು, ಎಷ್ಟೊತ್ತಿಗೆ ಎದ್ದಿದ್ದು, ಹಗಲು ಮಲಗಿದ್ದು ಎಷ್ಟು, ಸಂಜೆ ಟೀ ಕುಡಿದಿದ್ದು ಯಾವಾಗ. ರಾತ್ರಿ ಗಡಿಯಾರ ನೋಡ್ತಾ ಕೂರಬೇಡಿ. ಬೆಳಗ್ಗೆ ಎದ್ದು ನೆನಪಿದ್ದಷ್ಟು ಅಂದಾಜಲ್ಲಿ ಬರೀರಿ. ಅಲ್ಲೀತನಕ ಮಾತ್ರೆ ಈಗಿನ ಹಾಗೇ ಇರಲಿ, ಬೇರೆ ಯಾವ ನಿದ್ದೆ ಔಷಧಿನೂ, ಶೀತದ ಮಾತ್ರೆನೂ ನೀವಾಗಿ ತಗೋಬೇಡಿ. ಮೇಜಿಗೆ ಹೋಗಿ, ಹತ್ತು ಗಂಟೆ ಮೇಲೆ. ರಸ್ತೆ ದಾಟುವಾಗ ಮಗಳು ಜೊತೆಗಿರಲಿ.'

'ಬರೆಯೋದಾ? ನನಗಾ?' ಎಂದೆ. ಮೀನಿಗೆ ಈಜಲು ಹೇಳಿದ ಹಾಗಾಯಿತು.

'ಅವಳು ಬರೆಯೋದು ಬೇಡ. ನಿಮ್ಮ ನಿದ್ದೆ, ನೀವೇ ಬರೀರಿ' ಎಂದರು.

ಮುಂದಿನ ತಿಂಗಳ ಮೊದಲನೆಯ ತಾರೀಕಿನಿಂದ ಶುರುವಾಗಬೇಕಿತ್ತು, ಹದಿನಾಲ್ಕು ದಿನ. ಮೊದಲ ದಿನ ಬರೆಯುವುದಕ್ಕೆ ಕೂತೆ. ಒಂದು ಸಾಲು ಬರೆದರೆ ಯಂತ್ರ ಬಿಸಿಯಾಗುವುದಕ್ಕೂ ಸಾಲದು. ನಮ್ಮ ಕಸುಬಿನಲ್ಲಿ ಒಂದು ಹಾಳೆ ಸಿಕ್ಕಿಸಿದ ಮೇಲೆ ತುಂಬಿಸಿಯೇ ತೆಗೆಯುವುದು. ಅರ್ಧ ಬಿಟ್ಟು ತೆಗೆದು ಮತ್ತೆ ಸಿಕ್ಕಿಸಿದರೆ ಸಾಲು ಸೊಟ್ಟಗಾಗುತ್ತದೆ. ಎರಡನೆಯ ತಾರೀಕು ಬೆಳಗ್ಗೆ ಮೇಜಿನ ಮುಂದೆ ಗಿರಾಕಿ ಇರಲಿಲ್ಲ. ಹೇಗೂ ಎಲ್ಲ ರಾತ್ರಿಯೂ ಒಂದೇ, ನಿದ್ದೆ ಇಲ್ಲ ಎನ್ನುವುದೇ ತಾನೇ. ಒಂದೇ ಗುಕ್ಕಿಗೆ ಹದಿನಾಲ್ಕೂ ಟೈಪು ಮಾಡಿಬಿಟ್ಟೆ. ಒಂದೊಂದು ರಾತ್ರಿಗೂ ಒಂದೊಂದು ಅಲಂಕಾರ. ಒಂದರಲ್ಲಿ ನಲ್ಲಿ ತೊಟ್ಟಿಕ್ಕಿತು, ಒಂದರಲ್ಲಿ ಎದುರು ಮನೆಯ ಗೇಟು ಕಿರುಗುಟ್ಟಿತು, ಒಂದರಲ್ಲಿ ನಾನು ಬದುಕಿನ ಅರ್ಥ ಯೋಚಿಸಿ ಮುಗಿಸಿದೆ. ಹಗಲು ನಿದ್ದೆಯ ಕಡೆ ಎಲ್ಲ ದಿನವೂ ಸೊನ್ನೆ. ಸೊನ್ನೆಗಳು ಎಷ್ಟು ಚೆನ್ನಾಗಿ ಒಂದರ ಕೆಳಗೊಂದು ಬಿದ್ದಿದ್ದವೆಂದರೆ ಹಗ್ಗ ಕಟ್ಟಿ ಇಳಿಬಿಟ್ಟ ಹಾಗಿತ್ತು. ಹಾಳೆಯನ್ನು ಮಡಿಸಿ ಡ್ರಾಯರಿನಲ್ಲಿಟ್ಟೆ.

ಒಂದು ಬೆಳಗ್ಗೆ ಮಗಳು ಟೀ ಕೊಡುತ್ತಾ, 'ರಾತ್ರಿ ಗೊರಕೆ ಜೋರಾಗಿತ್ತು' ಎಂದಳು.

'ಅದು ಗೊರಕೆ ಅಲ್ಲಮ್ಮ. ಮನೆಯಲ್ಲಿ ಗಂಡಸು ಇದ್ದಾನೆ ಅಂತ ಕಳ್ಳರಿಗೆ ತಿಳಿಸೋಕೆ ನಾನು ಎಚ್ಚರವಾಗಿದ್ದು ಮಾಡೋ ಸದ್ದು.'

'ಐದೂವರೆವರೆಗೂ ತಿಳಿಸ್ತಾ ಇದ್ರಿ.'

'ಜವಾಬ್ದಾರಿ ದೊಡ್ಡದು.'

ದಿನಾ ಹತ್ತು ಗಂಟೆಗೆ ಅವಳು ನನ್ನ ಮೊಣಕೈ ಹಿಡಿದು ದೊಡ್ಡ ರಸ್ತೆ ದಾಟಿಸಿ, ಮೇಜಿನ ಮೇಲಿನ ಧೂಳು ಒರೆಸಿ, ತನ್ನ ಮುದ್ರೆಯ ಪೆಟ್ಟಿಗೆ ಹಿಡಿದುಕೊಂಡು ಹೋಗುತ್ತಿದ್ದಳು. ಇಷ್ಟಕ್ಕೇ ಅವಳ ದಿನದಲ್ಲಿ ಒಂದು ಗಂಟೆ ಹೋಗುತ್ತಿತ್ತು. ಅದನ್ನು ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ.

ಹನ್ನೆರಡನೇ ತಾರೀಕು ಬೆಳಗ್ಗೆ ಕ್ಲಿನಿಕ್ಕಿನಿಂದ ಫೋನು. ಡಾಕ್ಟರಮ್ಮ ನಾಳೆಯಿಂದ ಒಂದು ವಾರ ರಜೆ, ಇವತ್ತೇ ಮಧ್ಯಾಹ್ನ ಬರಲಾಗುತ್ತದೆಯೇ ಎಂದು. ಮಗಳು ಮೇಜಿಗೇ ಬಂದು ಕರೆದಳು. ನಾನು ಡ್ರಾಯರಿನಿಂದ ಹಾಳೆ ತೆಗೆದು ಜೇಬಿಗಿಟ್ಟೆ. ತಾರೀಕಿನ ಯೋಚನೆ ಬರಲೇ ಇಲ್ಲ. ಬೆಳಗ್ಗೆಯ ಹತ್ತಿ ಅಂದು ಸ್ವಲ್ಪ ಹೆಚ್ಚಾಗಿತ್ತು ಎನ್ನಿ.

ಡಾಕ್ಟರಮ್ಮ ಹಾಳೆ ಬಿಚ್ಚಿದರು. 'ಎಷ್ಟು ನೀಟಾಗಿದೆ' ಎಂದರು. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಓದುತ್ತಾ ಹೋದರು. ತುಟಿಯ ಒಂದು ಬದಿ ಮೇಲೆ ಹೋಯಿತು. ಹಾಳೆಯ ತುದಿಗೆ ಬಂದಾಗ ನಿಂತರು.

'ಇವತ್ತು ತಾರೀಕು ಎಷ್ಟು ಯಜಮಾನ್ರೇ?'

'ಹನ್ನೆರಡು.' ಮರೆವಿನ ಪರೀಕ್ಷೆ ಇರಬೇಕೆಂದು ವರ್ಷವನ್ನೂ ವಾರವನ್ನೂ ಸೇರಿಸಿ ಹೇಳಿದೆ.

'ಸರಿ. ಇಲ್ಲಿ ಹದಿಮೂರನೇ ತಾರೀಕು ರಾತ್ರಿ ಎರಡು ಗಂಟೆ ಹನ್ನೊಂದು ನಿಮಿಷಕ್ಕೆ ನಾಯಿ ಬೊಗಳಿದ್ದರಿಂದ ಎಚ್ಚರವಾಗಿಯೇ ಇದ್ದೆ ಅಂತಿದೆ.'

ನಾನು ಹಾಳೆಯ ಕಡೆಗೆ ಕೈ ಚಾಚಿದೆ, ಅವರು ಕೊಡಲಿಲ್ಲ.

'ಯಾವ ನಾಯಿ ಅದು?' ಎಂದಳು ಮಗಳು, ಪೂರ್ತಿ ಇಲಾಖೆಯ ದನಿಯಲ್ಲಿ. 'ಈಗಲೇ ಹೋಗಿ ಹೇಳಿಬರೋಣ, ನಾಳೆ ರಾತ್ರಿ ಬೊಗಳಬೇಡ ಅಂತ.'

'ಹದಿನಾಲ್ಕರಂದು ನೀವು ಎದ್ದು ಕೂತು ಊರಿನ ಭವಿಷ್ಯ ಚಿಂತಿಸಿದ್ದೀರಂತೆ' ಎಂದರು ಡಾಕ್ಟರಮ್ಮ. 'ಅದು ಮಾತ್ರ ನಂಬ್ತೀನಿ. ಭವಿಷ್ಯ ನಿಮಗೆ ಗೊತ್ತು.'

ಇಬ್ಬರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ನಗು ನಿಂತ ಮೇಲೆ ಡಾಕ್ಟರಮ್ಮ ನನ್ನ ಹಾಳೆಯನ್ನು ಬದಿಗಿಟ್ಟು ಮಗಳ ಕಾಗದವನ್ನು ಮುಂದಕ್ಕೆ ಎಳೆದುಕೊಂಡರು.

'ನೀವು ಯಾವಾಗಲೂ ಹೇಳೋ ಆ ಗುಮಾಸ್ತ ನಾನಲ್ಲ ಯಜಮಾನ್ರೇ. ನೀವು ಬರೆದಿದ್ದರಲ್ಲಿ ಮುಕ್ಕಾಲು ಕಳೆದು ಓದೋ ಅಭ್ಯಾಸ ನನಗಿಲ್ಲ. ನಿದ್ದೆ ಇಲ್ಲ ಅಂದ್ರೆ ಇಲ್ಲ ಅಂತಲೇ ಓದಿಕೊಂಡು ಔಷಧಿ ಬರೀತೀನಿ. ಅದರಿಂದ ನಿಮ್ಮ ಕಾಲು ಹೋಗುತ್ತೆ. ಈಗ ಹೇಳಿ, ನಿಮ್ಮ ಮಗಳ ಹಾಗೆ ಹೇಳಿ.'

ನನಗೆ ಆ ಹೊಲಿಗೆಯಾಕೆ ನೆನಪಾದಳು, ಬದುಕಿದ್ದೂ ಸತ್ತವಳಾಗಿ ಕೌಂಟರಿನ ಮುಂದೆ ನಿಂತವಳು.

'ರಾತ್ರಿ ಎಂಟೂವರೆಗೆ ಮಲಗ್ತೀನಿ' ಎಂದೆ. 'ಒಂಬತ್ತಕ್ಕೆಲ್ಲ ನಿದ್ದೆ. ಮೂರು ಮೂರೂವರೆಗೆ ಎಚ್ಚರ ಆಗುತ್ತೆ. ಮತ್ತೆ ಒಂದೊಂದು ಸಲ ಬರುತ್ತೆ, ಒಂದೊಂದು ಸಲ ಇಲ್ಲ.'

'ಅಂದ್ರೆ ಆರು ಗಂಟೆ ಮೇಲಾಯ್ತು. ಹಗಲು?'

'ಊಟ ಆದ್ಮೇಲೆ ಮೇಜಿನ ಪಕ್ಕ ಬೆಂಚಿನ ಮೇಲೆ. ಎರಡು ಗಂಟೆ. ಗಿರಾಕಿ ಇಲ್ಲದಿದ್ರೆ ಎರಡೂವರೆ.'

'ಟೀ?'

'ಸಂಜೆ ಆರಕ್ಕೊಂದು, ಊಟ ಆದ್ಮೇಲೆ ಒಂದು.'

ಮಗಳು ನನ್ನನ್ನೇ ನೋಡುತ್ತಿದ್ದಳು. ಇನ್ನೊಂದು ಉಳಿದಿತ್ತು. ಅದನ್ನು ಹೇಳಿದರೆ ಮೇಜು ಹೋಗುತ್ತದೆ ಎಂದು ಎರಡು ತಿಂಗಳಿಂದ ನುಂಗಿಕೊಂಡಿದ್ದೆ, ಮಾತ್ರೆಯ ಜೊತೆಗೇ.

'ಬಿದ್ದಿದ್ದು ಒಂದು ಸಲ ಅಲ್ಲ' ಎಂದೆ. 'ಹೊಸಿಲ ಹತ್ತಿರ ಇವಳು ಹಿಡಿದಳು. ಅದಕ್ಕಿಂತ ಮುಂಚೆ ಬಚ್ಚಲಲ್ಲಿ ಒಂದು ಸಲ ಬಿದ್ದೆ, ಇವಳು ಡ್ಯೂಟಿಗೆ ಹೋಗಿದ್ದಳು. ಹೋದ ತಿಂಗಳು ಮೇಜಿನ ಹತ್ತಿರ ಒಂದು ಸಲ. ಸೊಂಟಕ್ಕೆ ಏಟಾಯ್ತು. ತಲೆಗೆ ಇಲ್ಲ.'

ಮಗಳು ಕೈಚೀಲದ ಜಿಪ್ಪನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಡಾಕ್ಟರಮ್ಮ ನನ್ನನ್ನು ಮಲಗಿಸಿ ಸೊಂಟವನ್ನು ಒತ್ತಿ ನೋಡಿದರು, ಕಾಲು ಮಡಿಸಿ ತಿರುಗಿಸಿದರು. ಹಳದಿಯಾಗಿ ಮಾಸಿದ ಕಲೆ ಇತ್ತು, ಮೂಳೆಗೆ ಏನೂ ಆಗಿರಲಿಲ್ಲ. ತಲೆಗೆ ತಗಲಿಲ್ಲವೆಂಬುದನ್ನು ಮೂರು ಸಲ ಬೇರೆ ಬೇರೆ ರೀತಿಯಲ್ಲಿ ಕೇಳಿದರು.

'ಇದನ್ನ ಹೇಳಿದ್ದು ಒಳ್ಳೇದಾಯ್ತು' ಎಂದರು ಕೈ ತೊಳೆಯುತ್ತಾ. 'ಈಗ ಅನುಮಾನವೇ ಇಲ್ಲ, ಇಳಿಸಲೇಬೇಕು. ನಿಮ್ಮ ಮಾತ್ರೆ ಕತ್ತರಿಸಬಹುದಾದದ್ದು. ಇವತ್ತಿಂದ ಎರಡು ವಾರ ಮುಕ್ಕಾಲು. ಆಮೇಲೆ ಎರಡು ವಾರ ಅರ್ಧ. ಆಮೇಲೆ ಕಾಲು. ಕಷ್ಟ ಆದ್ರೆ ಅಲ್ಲೇ ನಿಲ್ಲೋಣ, ಇನ್ನೂ ನಿಧಾನಕ್ಕೆ ಹೋಗೋಣ, ಅವಸರ ಇಲ್ಲ. ಒಂದೆರಡು ರಾತ್ರಿ ನಿದ್ದೆ ಕೆಡಬಹುದು, ಹೆದರಿ ಪೂರ್ತಿ ಮಾತ್ರೆ ನುಂಗಬೇಡಿ. ರಾತ್ರಿ ಹತ್ತಕ್ಕೆ ಮುಂಚೆ ಹಾಸಿಗೆ ಹತ್ತಬೇಡಿ. ಬೆಂಚಿನ ನಿದ್ದೆ ಅರ್ಧ ಗಂಟೆ, ಅದೂ ಮಧ್ಯಾಹ್ನ ಮೂರಕ್ಕೆ ಮುಂಚೆ. ಮಧ್ಯಾಹ್ನದ ಮೇಲೆ ಟೀ ಇಲ್ಲ.'

'ಮೇಜು?' ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಡಾಕ್ಟರಮ್ಮ ಮಗಳ ಕಡೆ ನೋಡಿದರು. ಮಗಳು ಜಿಪ್ಪನ್ನು ಹಾಕಿದಳು.

'ಮೇಜು ಇರುತ್ತೆ' ಎಂದಳು. 'ಬಚ್ಚಲಿಗೆ ಹಿಡಿಕೆ ಹಾಕಿಸ್ತೀನಿ. ಆದ್ರೆ ಇನ್ಮೇಲೆ ಬಿದ್ರೆ ಬಿದ್ದೆ ಅಂತ ಹೇಳ್ಬೇಕು ಅಪ್ಪ. ಭೂಕಂಪ ಅಂದ್ರೆ ಮೇಜಿಗೆ ನನ್ನ ಮುದ್ರೆ ಒತ್ತಿ ಬೀಗ ಹಾಕ್ತೀನಿ.'

ಅವತ್ತು ಸಂಜೆ ಅವಳು ಬಟ್ಟು ತೂಗುವ ಶ್ರದ್ಧೆಯಿಂದ ಮಾತ್ರೆ ಕತ್ತರಿಸಿ ಸಣ್ಣ ಡಬ್ಬಿಗಳಲ್ಲಿಟ್ಟಳು. ಮೊದಲ ನಾಲ್ಕೈದು ರಾತ್ರಿ ನಿದ್ದೆ ತುಂಡುತುಂಡಾಯಿತು, ಅದನ್ನು ಹಾಗೇ ಬರೆದೆ, ಅಲಂಕಾರವಿಲ್ಲದೆ. ನಂತರ ತಾನಾಗಿ ಕೂಡಿಕೊಂಡಿತು. ಒಂದು ಬೆಳಗ್ಗೆ ಎದ್ದಾಗ ತಲೆಯಲ್ಲಿ ಹತ್ತಿ ಕಡಿಮೆ ಇತ್ತು. ಹೊಲಿಗೆಯಾಕೆಯನ್ನು ಕರೆಸಿ ಅವಳ ಅರ್ಜಿಯನ್ನು ಹೊಸದಾಗಿ ಟೈಪು ಮಾಡಿದೆ. ಗಂಡ ತೀರಿಕೊಂಡ ತಾರೀಕು, ಮನೆಯ ಸಂಖ್ಯೆ, ಆಕೆಯ ಕೋರಿಕೆ, ಆರೇ ಸಾಲು. 'ಇಷ್ಟೇನಾ ತಾತ?' ಎಂದಳು ಅನುಮಾನದಿಂದ. ಇಷ್ಟೇ ಎಂದೆ. ಕೌಂಟರಿನವನು ತಲೆಯೆತ್ತದೆ ತೆಗೆದುಕೊಂಡು ರಸೀದಿ ಕೊಟ್ಟನಂತೆ.

ಅಂದಿನಿಂದ ನಾನು ಮಾತ್ರೆಯನ್ನು ಕಣ್ಣೆತ್ತಿಯೂ ನೋಡಿಲ್ಲ. ಪೂರ್ತಿ ಬಿಟ್ಟು ವರ್ಷವಾಯಿತು. ದೊಡ್ಡ ರಸ್ತೆಯನ್ನು ಒಬ್ಬನೇ ಓಡಿ ದಾಟುತ್ತೇನೆ, ಬಸ್ಸುಗಳು ನಿಂತು

ಇಲ್ಲಿಗೆ ಬರುವಾಗ ಹಿಂದಿನಿಂದ ಒಂದು ಕೈ ಬಂದು ಯಂತ್ರದ ಹಾಳೆ ಹಿಡಿಯಿತು. ಮಗಳು. ಎಷ್ಟು ಹೊತ್ತಿನಿಂದ ನಿಂತು ಓದುತ್ತಿದ್ದಳೋ.

'ವರ್ಷ?' ಎಂದಳು.

'ಕತೆ ಅಲ್ವಾ ಕಂದ. ಮುಗಿಸೋಕೆ ಒಂದು ಎತ್ತರ ಬೇಕು.'

'ಮೊದಲನೇ ಸಾಲೂ ಓದಿದೆ. ಹನ್ನೊಂದು ವರ್ಷ ಅಂತೆ, ಸೂರ್ಯ ಅಂತೆ. ಇದನ್ನ ಓದಿ ನಿಮ್ಮ ವಯಸ್ಸಿನ ಯಾರೋ ಒಬ್ರು ಮಾತ್ರೆನ ಒಂದೇ ದಿನಕ್ಕೆ ಬಿಸಾಕಿದ್ರೆ? ಕೊನೆಯಲ್ಲಾದ್ರೂ ಸರಿಯಾಗಿ ಬರೀರಿ. ನಾನು ಇಲ್ಲೇ ಬೆಂಚಿನ ಮೇಲೆ ಕೂತಿರ್ತೀನಿ.'

ಕೂತಿದ್ದಾಳೆ. ಆದ್ದರಿಂದ ಬರೆಯುತ್ತೇನೆ. ಹನ್ನೊಂದು ವರ್ಷವಲ್ಲ, ಹನ್ನೊಂದು ತಿಂಗಳು, ಅಷ್ಟೂ ತಿಂಗಳು ನಾನು ದಿನಾ ಆರು ಗಂಟೆಗಿಂತ ಹೆಚ್ಚೇ ಮಲಗಿದ್ದೇನೆ. ಸೂರ್ಯ ನನ್ನನ್ನು ಏನೂ ಕೇಳಿಲ್ಲ. ಗಂಟು ನಿಂಬೆಹಣ್ಣಿನಷ್ಟಿತ್ತು, ಡಾಕ್ಟರು ಇಬ್ಬರು. ಡಾಕ್ಟರಮ್ಮನನ್ನು ಕಂಡು ಬಂದು ಇಂದಿಗೆ ಏಳು ವಾರ. ಅರ್ಧಕ್ಕೆ ಇಳಿದಾಗ ನಿದ್ದೆ ಕೆಟ್ಟಿದ್ದರಿಂದ ಅಲ್ಲಿ ಒಂದು ವಾರ ಹೆಚ್ಚು ನಿಂತೆವು. ಕಾಲು ಮಾತ್ರೆಗೆ ಬಂದು ಎರಡು ವಾರ. ಇನ್ನೂ ಅದು ಬೇಕು, ಪೂರ್ತಿ ಯಾವಾಗ ಬಿಡುವುದೆಂದು ನಾಳೆ ಡಾಕ್ಟರಮ್ಮ ಹೇಳುತ್ತಾರೆ. ದೊಡ್ಡ ರಸ್ತೆಯನ್ನು ಇವತ್ತೂ ಮಗಳ ಕೈ ಹಿಡಿದೇ ದಾಟಿದ್ದು. ಆಚೆ ಬದಿಗೆ ಹೋದಾಗ ಅವಳು ಕೈ ಬಿಟ್ಟಳು, ಮೇಜಿನವರೆಗಿನ ಮೂವತ್ತು ಹೆಜ್ಜೆ ನಾನೊಬ್ಬನೇ ನಡೆದೆ.

'ಇಪ್ಪತ್ತೆರಡು' ಎನ್ನುತ್ತಿದ್ದಾಳೆ ಬೆಂಚಿನಿಂದ.

ಇಪ್ಪತ್ತೆರಡು. ನಿನ್ನೆ ರಾತ್ರಿ ಹತ್ತೂಕಾಲಿಗೆ ಮಲಗಿದೆ, ನಾಲ್ಕೂವರೆಗೆ ಎದ್ದೆ. ನಾಯಿ ಬೊಗಳಿದ್ದರೆ ನನಗೆ ಕೇಳಿಸಲಿಲ್ಲ. ನಾಳೆ ರಾತ್ರಿಯದು ನನಗೆ ಗೊತ್ತಿಲ್ಲ.